ಮೂವತ್ತನೇ ನಿಮಿಷದ ಫೋನು: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಹುಡುಗ ನನ್ನ ಅಕ್ಕನ ಮಗ, ವಯಸ್ಸು 16. ಅವನ ಮನೆ ಹಳ್ಳಿಯಲ್ಲಿದೆ. ಅಲ್ಲಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದ ಪಟ್ಟಣದಲ್ಲಿ ನಾನು ಫೋನ್ ರಿಪೇರಿ ಮಾಡುತ್ತೇನೆ. ಆಟವಾಡುವುದಕ್ಕೆಂದೇ ಅವನು ತನ್ನ ಮೊದಲ ಸ್ಮಾರ್ಟ್‌ಫೋನಿಗೆ 28 ವಾರ ಹಣ ಕೂಡಿಟ್ಟ, ನನ್ನ ಸಲಹೆಯಂತೆ ಫೋನ್ ಆರಿಸಿದ, ಆ ಫೋನ್ ಮೊದಲ ವಾರದಲ್ಲೇ ಕೈಕೊಟ್ಟಿತು. ಎಲ್ಲಿ ತಪ್ಪಾಯಿತೆಂದು ಪತ್ತೆಹಚ್ಚಿದ ಬಗೆಯನ್ನು ಬರೆದಿಡುವುದು ಈ ಟಿಪ್ಪಣಿಯ ಉದ್ದೇಶ. ಹಣದ ಮೊತ್ತವನ್ನು ಇಲ್ಲಿ ಕೂಲಿಯ ಲೆಕ್ಕದಲ್ಲಿಯೇ ಹೇಳುತ್ತೇನೆ, ಏಕೆಂದರೆ ಹುಡುಗನೂ ಹಾಗೆಯೇ ಲೆಕ್ಕವಿಟ್ಟಿದ್ದ: ದೊಡ್ಡವರೊಬ್ಬರು ಹೊಲದಲ್ಲಿ ಒಂದು ದಿನ ದುಡಿದರೆ ಸಿಗುವಷ್ಟು ಹಣ ಒಂದು ಕೂಲಿ.

ಅವನಿಗೆ ಆಟದ ರುಚಿ ಹತ್ತಿದ್ದು ಗೆಳೆಯನ ಫೋನಿನಲ್ಲಿ. ನಾಲ್ಕು ಜನರ ತಂಡ ಕಟ್ಟಿಕೊಂಡು, ದೊಡ್ಡದೊಂದು ಬಯಲಿನಲ್ಲಿ ಇತರ ತಂಡಗಳ ಜೊತೆ ಗುಂಡಿನ ಕಾಳಗ ನಡೆಸಿ, ಕೊನೆಗೆ ಉಳಿದವರು ಗೆಲ್ಲುವ ಆಟ ಅದು. ಗೆಳೆಯ ತಾನು ಆಡಿ ಮುಗಿಸಿ, ಬ್ಯಾಟರಿ 20 ಶೇಕಡಾಕ್ಕೆ ಇಳಿದ ಮೇಲೆ ಫೋನನ್ನು ಇವನ ಕೈಗೆ ಕೊಡುತ್ತಿದ್ದ. ಒಂದು ಸುತ್ತು ಮುಗಿಯಲು ಸುಮಾರು ಅರ್ಧ ಗಂಟೆ ಬೇಕು. ಇವನ ಸುತ್ತು ಮುಗಿಯುವುದರೊಳಗೆ ಫೋನೇ ಮುಗಿಯುತ್ತಿತ್ತು. "ಮಾವ, ನಾನು ಇದುವರೆಗೆ ಗುಂಡು ತಗುಲಿ ಸತ್ತದ್ದಕ್ಕಿಂತ ಚಾರ್ಜ್ ಇಲ್ಲದೆ ಸತ್ತದ್ದೇ ಹೆಚ್ಚು" ಎಂದು ಅವನು ಒಮ್ಮೆ ಹೇಳಿದ್ದ.

ನೋಟ್‌ಬುಕ್ಕಿನ ಕೊನೆಯ ಹಾಳೆ

ಶಾಲೆಯಿಲ್ಲದ ದಿನಗಳಲ್ಲಿ ಅವನು ಕಳೆ ಕೀಳಲು, ಮೂಟೆ ಹೊರಲು, ನೀರು ಹಾಯಿಸಲು ಹೋಗುತ್ತಿದ್ದ. ವಾರಕ್ಕೆ ಎರಡು ದಿನ ಕೆಲಸ. ಹುಡುಗನೆಂದು ದಿನಕ್ಕೆ ಮುಕ್ಕಾಲು ಕೂಲಿ. ಹೀಗೆ ಬಂದ ಒಂದೂವರೆ ಕೂಲಿಯಲ್ಲಿ ಅರ್ಧ ಕೂಲಿಯನ್ನು ಮನೆಗೆ ಕೊಟ್ಟು ಒಂದನ್ನು ಡಬ್ಬಿಗೆ ಹಾಕುವುದೆಂದು ತಾಯಿಯೊಡನೆ ಒಪ್ಪಂದವಾಗಿತ್ತು. ಅವನ ಕಣ್ಣು ಬಿದ್ದಿದ್ದ ಹೊಸ ಫೋನಿನ ಬೆಲೆ 36 ಕೂಲಿ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಸ್ಕೇಲ್ ಇಟ್ಟು 36 ಚೌಕ ಎಳೆದು, ಒಂದು ಕೂಲಿ ಡಬ್ಬಿಗೆ ಬಿದ್ದಾಗಲೆಲ್ಲ ಒಂದು ಚೌಕಕ್ಕೆ ನೀಲಿ ಶಾಯಿ ತುಂಬುತ್ತಿದ್ದ.

ಆ ಹಾಳೆಯನ್ನು ನಾನು ನೋಡಿದ್ದೇನೆ. ಮೊದಲ ಹತ್ತು ವಾರಗಳಲ್ಲಿ ಹತ್ತು ಚೌಕ ತುಂಬಿದ್ದವು, ಅವುಗಳಲ್ಲಿ ಎರಡರ ಮೇಲೆ ಕೆಂಪು ಗೀಟು ಬಿದ್ದಿತ್ತು. ಗೆಳೆಯನ ಫೋನಿನಲ್ಲಿ ಆಡುವಾಗ, ಆಟದೊಳಗಿನ ಅಂಗಡಿಯಲ್ಲಿ ಕೆಂಪು ಬಣ್ಣದ ಉದ್ದನೆಯ ಕೋಟೊಂದು ಮೂರು ದಿನದ ಮಟ್ಟಿಗೆ ಕಡಿಮೆ ಬೆಲೆಗೆ ಬಂದಿತ್ತಂತೆ. ಎದುರಾಳಿಯ ಗುಂಡು ಅದರಿಂದ ತಪ್ಪುವುದಿಲ್ಲ, ಓಟ ಹೆಚ್ಚುವುದಿಲ್ಲ, ಅದು ನೋಟಕ್ಕಷ್ಟೇ. ಇವನು ಎರಡು ಕೂಲಿಯನ್ನು ಗೆಳೆಯನ ಕೈಗೆ ಕೊಟ್ಟು ಅದನ್ನು ಕೊಳ್ಳಿಸಿದ. ಇಂಥ ವಸ್ತುಗಳು ಆಡುವವನ ಕೈಗಾಗಲೀ ಫೋನಿಗಾಗಲೀ ಸೇರುವುದಿಲ್ಲ, ಯಾವ ಖಾತೆಯಿಂದ ಕೊಂಡರೋ ಆ ಖಾತೆಗೆ ಅಂಟಿಕೊಂಡಿರುತ್ತವೆ. ಖಾತೆ ಗೆಳೆಯನದು, ಕೋಟೂ ಗೆಳೆಯನದೇ ಆಯಿತು. ಇದು ಅವನಿಗೆ ಹೊಳೆದದ್ದು ಒಂದು ತಿಂಗಳ ನಂತರ, ತನ್ನ ಫೋನ್ ಬಂದಮೇಲೆ ಕೋಟನ್ನು ಹೇಗೆ ಆಚೆ ತೆಗೆಯುವುದೆಂದು ನನ್ನನ್ನು ಕೇಳಿದಾಗ.

ಆಮೇಲೆ ನಾಲ್ಕು ವಾರ ಮಳೆ ಹಿಡಿದು ಕೂತಿತು. ಕೆಲಸವೂ ಇಲ್ಲ, ಕೂಲಿಯೂ ಇಲ್ಲ. ಮಳೆ ಬಿಡುವ ಹೊತ್ತಿಗೆ ಅಕ್ಕ ನನಗೆ ಫೋನ್ ಮಾಡಿದಳು. "ಅವನ ಡಬ್ಬಿಗೆ ಕೈಹಾಕಿದೆ ಕಣೋ. ಐದು ಕೂಲಿ. ಬೇರೆ ದಾರಿ ಇರಲಿಲ್ಲ. ಅವನೇನೂ ಅನ್ನಲಿಲ್ಲ, ಅದಕ್ಕೇ ಹೊಟ್ಟೆ ಉರೀತಿದೆ." ಹುಡುಗ ನಿಜಕ್ಕೂ ಏನೂ ಅಂದಿರಲಿಲ್ಲ. ಹಾಳೆಯಲ್ಲಿ ಐದು ಚೌಕಗಳ ಮೇಲೆ ಪೆನ್ಸಿಲ್ಲಿನಿಂದ ಗೀಟು ಎಳೆದಿದ್ದ. ಕೋಟಿನ ಎರಡು ಚೌಕಗಳಿಗೆ ಶಾಯಿ, ತಾಯಿಯ ಐದಕ್ಕೆ ಪೆನ್ಸಿಲ್ಲು. ಯಾವುದು ಹಿಂದಿರುಗಬಹುದು, ಯಾವುದು ಹಿಂದಿರುಗುವುದಿಲ್ಲ ಎಂಬ ಲೆಕ್ಕವನ್ನು ಅವನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದನೆಂದು ನನಗೆ ಆ ಹಾಳೆ ನೋಡಿದಾಗ ತಿಳಿಯಿತು.

14 ವಾರ ಕಳೆದಾಗ ಕೈಯಲ್ಲಿದ್ದದ್ದು ಮೂರು ಕೂಲಿ. ಬಳಿಕ ಆರು ವಾರಗಳ ದೊಡ್ಡ ರಜೆ ಬಂತು. ವಾರಕ್ಕೆ ಐದು ದಿನ ದುಡಿದು, ಮೂರನೇ ಒಂದು ಪಾಲನ್ನು ಮನೆಗೆ ಕೊಟ್ಟು, ವಾರಕ್ಕೆ ಎರಡೂವರೆಯಂತೆ 15 ಕೂಲಿ ಸೇರಿಸಿದ. ಶಾಲೆ ಮತ್ತೆ ತೆರೆದ ಮೇಲಿನ ಎಂಟು ವಾರಗಳಲ್ಲಿ ಎಂಟು ಬಂತು. ಅಷ್ಟರಲ್ಲಿ ಅಕ್ಕ ಎರಡನ್ನು ಹಿಂದಿರುಗಿಸಿದ್ದಳು. ಹೀಗೆ 28ನೇ ವಾರದ ಕೊನೆಗೆ ಡಬ್ಬಿಯಲ್ಲಿ 28 ಕೂಲಿ ಇತ್ತು. ಹೊಸ ಫೋನಿಗೆ ಇನ್ನೂ ಎಂಟು ವಾರ ಕಾಯಬೇಕಿತ್ತು. ಆ ದಿನಗಳಲ್ಲೇ ಅವನು ಪಟ್ಟಣಕ್ಕೆ ಬಂದು ನನ್ನ ಮೇಜಿನ ಎದುರು ಕೂತದ್ದು.

ಪೆಟ್ಟಿಗೆಯ ಮೇಲಿನ ಅಂಕಿ

ಅವನು ಆರಿಸಿದ್ದ ಹೊಸ ಫೋನಿನ ಪೆಟ್ಟಿಗೆಯ ಮೇಲೆ 8GB ಎಂದು ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ 4GB + 4GB ಎಂದಿತ್ತು. ಆಟಕ್ಕೆ ಆರು ಜಿಬಿ ರ‍್ಯಾಮ್ ಸಾಕೆಂದು ಯಾರೋ ಹೇಳಿದ್ದರಿಂದ, ಎಂಟು ಇದ್ದರೆ ಇನ್ನೂ ಒಳ್ಳೆಯದೆಂಬುದು ಅವನ ತರ್ಕ.

ಆ ಕೂಡುವ ಗುರುತಿನ ಆಚೆಗಿನ ನಾಲ್ಕು ಜಿಬಿ ನಿಜವಾದ ರ‍್ಯಾಮ್ ಅಲ್ಲ. ಫೋಟೋ, ಆಟ, ಕಡತಗಳನ್ನು ಇಡುವ ಸಂಗ್ರಹದಲ್ಲಿಯೇ ಒಂದು ಭಾಗವನ್ನು ಎತ್ತಿಟ್ಟು ಅದಕ್ಕೆ ರ‍್ಯಾಮಿನ ಹೆಸರು ಕೊಟ್ಟಿರುತ್ತಾರೆ. ನಾನು ಅವನಿಗೆ ನನ್ನ ಮೇಜನ್ನೇ ತೋರಿಸಿದೆ. ಸ್ಕ್ರೂ ಬಿಚ್ಚಿ ಹರಡಿಕೊಂಡಿರುವ ಮೇಜಿನ ಜಾಗ ರ‍್ಯಾಮ್; ಹಿಂದಿನ ಕಪಾಟು ಸಂಗ್ರಹ. ಕಪಾಟಿನ ಒಂದು ಅರೆಯನ್ನು 'ಇದೂ ಮೇಜೇ' ಎಂದು ಕರೆಯಬಹುದು, ಆದರೆ ಪ್ರತಿ ಸಲ ಎದ್ದು ಹೋಗಿ ತರಬೇಕು. ಬಳಸದೆ ಬಿಟ್ಟ ಆ್ಯಪುಗಳನ್ನು ಅಲ್ಲಿಗೆ ಸರಿಸಿಡಲು ಅದು ಉಪಯೋಗಕ್ಕೆ ಬರುತ್ತದೆ; ಆಟ ನಡೆಯುತ್ತಿರುವಾಗ ಮುಂದಿನ ಕ್ಷಣಕ್ಕೆ ಬೇಕಾದ ಚಿತ್ರವನ್ನು ಅಲ್ಲಿಂದ ತರಲು ಹೊರಟರೆ ಪರದೆ ತಡವರಿಸುತ್ತದೆ. ಅಗ್ಗದ ಫೋನುಗಳಲ್ಲಿ ಸಂಗ್ರಹವೂ ಸಾಮಾನ್ಯವಾಗಿ ಹಳೆಯ, ನಿಧಾನ ಬಗೆಯದು, ಅಂದರೆ ಇಎಂಎಂಸಿ. ಅದಕ್ಕಿಂತ ವೇಗದ ಯುಎಫ್‌ಎಸ್ ಇರುವುದು ಮಧ್ಯಮ ದರ್ಜೆಯಿಂದ ಮೇಲಿನ ಫೋನುಗಳಲ್ಲಿ.

ಎರಡನೆಯ ಆಯ್ಕೆ, ಎರಡು ವರ್ಷ ಬಳಸಿದ ಮಧ್ಯಮ ದರ್ಜೆಯ ಫೋನು. ನಿಜವಾದ ಆರು ಜಿಬಿ ರ‍್ಯಾಮ್, ಯುಎಫ್‌ಎಸ್ ಸಂಗ್ರಹ, ಎಲ್ಲಕ್ಕಿಂತ ಮುಖ್ಯವಾಗಿ ಚಿತ್ರ ಬಿಡಿಸುವ ಭಾಗ ಬಲವಾಗಿರುವ ಪ್ರಾಸೆಸರ್. ಬೆಲೆ 26 ಕೂಲಿ. ಆಟದ ಮಟ್ಟಿಗೆ, ಅಗ್ಗದ ಹೊಸ ಫೋನಿಗಿಂತ ಇಂಥ ಹಳೆಯ ಫೋನು ಮೇಲೆಂಬುದು ನನ್ನ ಅಭಿಪ್ರಾಯ, ಅದನ್ನೇ ಅವನಿಗೂ ಹೇಳಿದೆ. ಅದರ ಎರಡು ಕೊರತೆಗಳನ್ನೂ ಮುಚ್ಚಿಡಲಿಲ್ಲ: ತಯಾರಕರಿಂದ ಬರುವ ಭದ್ರತಾ ಅಪ್‌ಡೇಟುಗಳು ಹೊಸದಕ್ಕಿಂತ ಬೇಗ ನಿಲ್ಲಬಹುದು, ಮತ್ತು ಬ್ಯಾಟರಿ ಆಗಲೇ ಎರಡು ವರ್ಷದ ಆಯಸ್ಸು ಕಳೆದಿರುತ್ತದೆ. ಬಳಸಿದ ಫೋನ್ ಕೊಳ್ಳುವಾಗ ಏನನ್ನು ನೋಡಬೇಕೆಂದು ಒಂದೂ ಬಿಡದೆ ಬರೆಸಿದೆ. `*#06#` ಒತ್ತಿದಾಗ ಕಾಣುವ, ಫೋನಿನ ಗುರುತಾದ ಐಎಂಇಐ ಸಂಖ್ಯೆ ಪೆಟ್ಟಿಗೆ ಮತ್ತು ಬಿಲ್ಲಿನಲ್ಲಿರುವುದಕ್ಕೆ ಹೊಂದಬೇಕು. ಒಂದು ಐಕಾನನ್ನು ಬೆರಳಲ್ಲಿ ಒತ್ತಿ ಹಿಡಿದು ಪರದೆಯ ಮೂಲೆಮೂಲೆಗೂ ಎಳೆದರೆ ಎಲ್ಲಿಯೂ ಅದು ಕೈಬಿಡಬಾರದು. ಮಾರುವವರು ತಮ್ಮ ಗೂಗಲ್ ಖಾತೆಯನ್ನು ನಿಮ್ಮ ಕಣ್ಣೆದುರೇ ತೆಗೆದು, ಆಮೇಲೆ ಫೋನನ್ನು ಪೂರ್ತಿ ಅಳಿಸಬೇಕು. ಖಾತೆ ತೆಗೆಯದೆ ಅಳಿಸಿದ ಆಂಡ್ರಾಯ್ಡ್ ಫೋನ್ ಮತ್ತೆ ಆನ್ ಆಗುವಾಗ ಹಳೆಯ ಮಾಲೀಕರ ಪಾಸ್‌ವರ್ಡ್ ಅಥವಾ ಪಿನ್ ಕೇಳಿ ಬಾಗಿಲು ಹಾಕಿಕೊಳ್ಳಬಹುದು.

ಕೊನೆಯದಾಗಿ, ಅರ್ಧ ಗಂಟೆ ಬಿಡದೆ ಆಟ ಆಡಿ ನೋಡಬೇಕು ಎಂದೆ. ಮಿಕ್ಕ ಎಲ್ಲವನ್ನೂ ಅವನು ಮಾಡಿದ. ಇದೊಂದು ಆಗಲಿಲ್ಲ. ಮಾರುವವರಿಗೆ ಅವಸರವಿತ್ತು, ಐದು ನಿಮಿಷ ಆಡಲು ಬಿಟ್ಟರು. ಆ ಐದು ನಿಮಿಷ ಫೋನು ಬೆಣ್ಣೆಯಂತೆ ಓಡಿತು. ಸಂಜೆ ಫೋನ್ ಮಾಡಿದಾಗ ಹುಡುಗನ ದನಿಯೇ ಬೇರೆಯಾಗಿತ್ತು. ನಾನೂ ಕೆದಕಿ ಕೇಳಲಿಲ್ಲ. ಅದರಲ್ಲಿ ನನ್ನ ತಪ್ಪೂ ಇದೆ, ಏಕೆಂದರೆ ಮಾತಿನ ನಡುವೆ ಅವನು "ಹಿಂಬದಿಯ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಇದೆ ಮಾವ, ಎಲ್ಲೋ ಬಿದ್ದಿರಬೇಕು" ಎಂದಿದ್ದ. ಬಿದ್ದ ಫೋನಿಗೆ ಪೆಟ್ಟು ಸಾಮಾನ್ಯವಾಗಿ ಮೂಲೆಯಲ್ಲಿರುತ್ತದೆ. ಅಂಚಿನುದ್ದಕ್ಕೂ ಸಮನಾದ ಸಂದಿ ಇದ್ದರೆ ಆ ಫೋನಿನ ಹಿಂಬದಿಯನ್ನು ಯಾರೋ ಬಿಚ್ಚಿ ಮತ್ತೆ ಅಂಟಿಸಿರಬಹುದೆಂದು ಅನುಮಾನಿಸಬೇಕು. ಇಷ್ಟು ವರ್ಷ ಇದೇ ಕೆಲಸ ಮಾಡಿಕೊಂಡಿರುವ ನನಗೆ ಆ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ನೆಟ್‌ವರ್ಕೋ, ಫೋನೋ

ನಾಲ್ಕನೇ ದಿನ ದೂರು ಬಂತು. ಆಟ ಮೊದಲು ಚೆನ್ನಾಗಿರುತ್ತದೆ, ಕೊನೆಯ ಹೊತ್ತಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಗುರಿ ಇಟ್ಟು ಒತ್ತಿದರೆ ಗುಂಡು ತಡವಾಗಿ ಹೊರಡುತ್ತದೆ. ಹಳ್ಳಿಯಲ್ಲಿ ಸಿಗ್ನಲ್ ದುರ್ಬಲ, ಆದ್ದರಿಂದ ನೆಟ್‌ವರ್ಕಿನದೇ ತೊಂದರೆ ಎಂದು ಅವನು ಆಗಲೇ ತೀರ್ಪು ಕೊಟ್ಟಾಗಿತ್ತು. ಸಿಮ್ ಬದಲಾಯಿಸಲು ಹೊರಟಿದ್ದವನನ್ನು ತಡೆದೆ.

ಈ ಎರಡು ರೋಗಗಳ ಲಕ್ಷಣ ಮೇಲ್ನೋಟಕ್ಕೆ ಒಂದೇ ಆದರೂ ಬೇರ್ಪಡಿಸುವುದು ಕಷ್ಟವಲ್ಲ. ಆಟದಲ್ಲಿ ನಿಮ್ಮ ನೋಟವನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಕೆಲಸವನ್ನು ಮಾಡುವುದು ನಿಮ್ಮ ಫೋನು. ಅದಕ್ಕೆ ದೂರದ ಸರ್ವರಿನ ಅಪ್ಪಣೆ ಬೇಕಿಲ್ಲ. ಇತರ ಆಟಗಾರರು ಎಲ್ಲಿದ್ದಾರೆ, ನೀವು ಹೊಡೆದ ಗುಂಡು ಅವರಿಗೆ ತಗುಲಿತೇ ಎಂಬ ಸುದ್ದಿ ಮಾತ್ರ ನೆಟ್‌ವರ್ಕಿನ ಮೂಲಕ ಬರುತ್ತದೆ. ಹಾಗಾಗಿ ಬೆರಳು ಸರಿಸಿದಾಗ ನಿಮ್ಮ ನೋಟ ನುಣುಪಾಗಿ ತಿರುಗುತ್ತಿದ್ದು, ಎದುರಿನವರು ಮಾತ್ರ ಇಲ್ಲಿ ಮಾಯವಾಗಿ ಅಲ್ಲಿ ಪ್ರತ್ಯಕ್ಷವಾಗುತ್ತಿದ್ದರೆ ತೊಂದರೆ ನೆಟ್‌ವರ್ಕಿನದು. ಫೋನಿನ ಸಂದೇಶ ಸರ್ವರಿಗೆ ಹೋಗಿ ಬರಲು ಹಿಡಿಯುವ ಸಮಯವಾಗಿ ಪರದೆಯ ಮೂಲೆಯಲ್ಲಿ ಮಿಲಿಸೆಕೆಂಡುಗಳಲ್ಲಿ ಕಾಣುವ ಪಿಂಗ್ ಎಂಬ ಅಂಕಿಯೂ ಅದೇ ಕ್ಷಣಕ್ಕೆ ಮೇಲೆ ಹಾರಿರುತ್ತದೆ. ಬದಲಿಗೆ ನಿಮ್ಮ ನೋಟ ತಿರುಗುವುದೇ ಕುಂಟುತ್ತಿದ್ದು ಪಿಂಗ್ ಸುಮ್ಮನೆ ತನ್ನ ಪಾಡಿಗಿದ್ದರೆ ತೊಂದರೆ ಫೋನಿನೊಳಗಿದೆ.

ಎದುರಾಳಿಗಳಿಲ್ಲದ ತರಬೇತಿ ಮೈದಾನಕ್ಕೆ ಒಬ್ಬನೇ ಹೋಗಿ, ಸುಮ್ಮನೆ ಓಡಾಡುತ್ತ, ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿದೆಯೆಂಬುದನ್ನು ಐದೈದು ನಿಮಿಷಕ್ಕೊಮ್ಮೆ ಬರೆದಿಡಲು ಹೇಳಿದೆ. ಚೌಕದ ಹಾಳೆಯ ಹಿಂಬದಿಯಲ್ಲೇ ಬರೆದ. 5ನೇ ನಿಮಿಷಕ್ಕೆ 59, 10ಕ್ಕೆ 58, 15ಕ್ಕೆ 51, 20ಕ್ಕೆ 36, 30ಕ್ಕೆ 29. ಪಿಂಗ್ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ. ಹತ್ತು ನಿಮಿಷ ಫೋನನ್ನು ನೆರಳಿನಲ್ಲಿಟ್ಟು ಮತ್ತೆ ಶುರುಮಾಡಿದಾಗ ಅಂಕಿ 57ಕ್ಕೆ ಏರಿತ್ತು. ಇದನ್ನು ನಾನು ಹೇಳಿರಲಿಲ್ಲ. ಅವನೇ ಯೋಚಿಸಿ ಮಾಡಿದ್ದ. ಇನ್ನೊಂದನ್ನೂ ಗಮನಿಸಿದ್ದ: ಬೆಳಗಿನ ಜಾವ ಆಡಿದರೆ ಕುಸಿತ 24ನೇ ನಿಮಿಷಕ್ಕೆ ಬರುತ್ತದೆ, ಮಧ್ಯಾಹ್ನವಾದರೆ 14ಕ್ಕೇ. ಇಷ್ಟಾದ ಮೇಲೆ ನೆಟ್‌ವರ್ಕಿನ ಮಾತೇ ಉಳಿಯಲಿಲ್ಲ. ಫೋನು ಬಿಸಿಯಾಗಿ ಬಸವಳಿಯುತ್ತಿತ್ತು.

ಇಂಥ ಫೋನಿಗೆ ಫ್ಯಾನ್ ಇಲ್ಲ. ಪ್ರಾಸೆಸರಿನ ಬಿಸಿ ಒಳಗಿನ ಲೋಹದ ಚೌಕಟ್ಟಿಗೆ, ಬ್ಯಾಟರಿಗೆ, ಹಿಂಬದಿಗೆ, ಕೊನೆಗೆ ಹಿಡಿದವರ ಅಂಗೈಗೆ ಹರಡಿ ಆರಬೇಕು. ಮೊದಲ ಕೆಲವು ನಿಮಿಷ ಈ ಭಾಗಗಳೆಲ್ಲ ತಣ್ಣಗಿದ್ದು ಬಿಸಿಯನ್ನು ಕುಡಿಯುತ್ತ ಹೋಗುತ್ತವೆ. ಅವು ತುಂಬಿದ ಮೇಲೆ ಪ್ರಾಸೆಸರಿಗೆ ತನ್ನ ವೇಗ ತಗ್ಗಿಸಿಕೊಳ್ಳದೆ ಗತಿಯಿಲ್ಲ. ಐದು ನಿಮಿಷದ ಪರೀಕ್ಷೆಯಲ್ಲಿ ಎಲ್ಲ ಫೋನುಗಳೂ ಒಳ್ಳೆಯವೇ ಆಗಿರುವುದು ಇದರಿಂದ. ವೇಗ ತಗ್ಗುವುದು ದೋಷವಲ್ಲ, ರಕ್ಷಣೆ. ಆದರೆ ಈ ದರ್ಜೆಯ ಫೋನು 60ರಿಂದ 29ಕ್ಕೆ ಇಳಿಯಬಾರದಿತ್ತು. ಆಗ ನನಗೆ ಆ ಕೂದಲೆಳೆಯ ಸಂದಿ ನೆನಪಾಯಿತು. "ಮುಂದಿನ ಬಸ್ಸಿಗೆ ಫೋನ್ ತಗೊಂಡು ಬಾ" ಎಂದೆ.

ಬಿಚ್ಚಿದಾಗ

ಹಿಂಬದಿಗೆ ಸಣ್ಣಗೆ ಬಿಸಿ ಕೊಟ್ಟು, ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಸಂದಿಗೆ ತೂರಿಸಿದರೆ ಸಾಕಾಯಿತು. ಮೂಲ ಅಂಟಾಗಿದ್ದರೆ ಇಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲ. ಒಳಗಿದ್ದ ಬ್ಯಾಟರಿ ತಯಾರಕರದ್ದಲ್ಲ. ಅದು ಉಬ್ಬಿರಲಿಲ್ಲ, ಅಷ್ಟರ ಮಟ್ಟಿಗೆ ಅದೃಷ್ಟ. ಉಬ್ಬಿದ ಬ್ಯಾಟರಿಯಾಗಿದ್ದರೆ ಆ ಫೋನನ್ನು ಅವನ ಕೈಗೆ ನಾನು ಹಿಂದಿರುಗಿಸುತ್ತಿರಲಿಲ್ಲ. ನಿಜವಾದ ಕಥೆ ಅದರ ಪಕ್ಕದಲ್ಲಿತ್ತು. ಪ್ರಾಸೆಸರಿನ ಮೇಲಿನ ಲೋಹದ ಮುಚ್ಚಳದಿಂದ ಬ್ಯಾಟರಿಯವರೆಗೆ ಹಾಸಿರಬೇಕಾದ ಕಪ್ಪು ಗ್ರಾಫೈಟ್ ಹಾಳೆ ಅರ್ಧಕ್ಕೆ ಹರಿದು, ಬಾಡಿದ ಎಲೆಯಂತೆ ಮುದುಡಿ ಒಂದು ಮೂಲೆಗೆ ಸೇರಿತ್ತು. ಕಾಗದಕ್ಕಿಂತ ತೆಳುವಾದ ಈ ಹಾಳೆಯ ಕೆಲಸವೇ ಒಂದು ಕಡೆ ಕೂಡುವ ಬಿಸಿಯನ್ನು ಅಗಲಕ್ಕೆ ಹರಡುವುದು. ಮುಚ್ಚಳದ ಕೆಳಗಿನ ಶಾಖವಾಹಕ ಪೇಸ್ಟ್ ಒಣಗಿ ಸುಣ್ಣದ ಪುಡಿಯಂತೆ ಉದುರುತ್ತಿತ್ತು. ಹಿಂದೆ ಬ್ಯಾಟರಿ ಬದಲಿಸಿದವರು ಹಾಳೆಯನ್ನು ಎಳೆದು ಕಿತ್ತು, ಹಾಗೆಯೇ ಮುಚ್ಚಿದ್ದರು. ಮುಚ್ಚಿದ ಮೇಲೆ ಯಾರಿಗೂ ಕಾಣುವುದಿಲ್ಲವಲ್ಲ. ನನ್ನ ಕಸುಬಿನವರ ಬಗ್ಗೆ ನನಗಿರುವ ಸಿಟ್ಟು ಇಂಥ ಕಡೆಯೇ.

ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ತೆಗೆದು, ಹೊಸದನ್ನು ತೆಳುವಾಗಿ ಸವರಿ, ಅಳತೆಗೆ ಕತ್ತರಿಸಿದ ಗ್ರಾಫೈಟ್ ಹಾಳೆಯನ್ನು ಗಾಳಿಗುಳ್ಳೆ ನಿಲ್ಲದಂತೆ ಒತ್ತಿ ಕೂರಿಸಿದೆ. ಸಾಮಾನಿಗೆ ಒಂದು ಕೂಲಿಯಾಯಿತು. ಡಬ್ಬಿಯಲ್ಲಿ ಉಳಿದಿದ್ದ ಎರಡರಲ್ಲಿ ಒಂದನ್ನು ಹುಡುಗ ಮೇಜಿನ ಮೇಲಿಟ್ಟ; ನಾನು ಬೇಡವೆನ್ನಲಿಲ್ಲ, ಅಂದಿದ್ದರೆ ಅವನಿಗೆ ನೋವಾಗುತ್ತಿತ್ತು. ನನ್ನ ಕೆಲಸಕ್ಕೆ ಏನೂ ತೆಗೆದುಕೊಳ್ಳಲಿಲ್ಲ, ಕೇಳಬೇಕಾದುದನ್ನು ಕೇಳದೆ ಬಿಟ್ಟದ್ದಕ್ಕೆ ಅದು ದಂಡವೆಂದುಕೊಂಡೆ.

ಮತ್ತೆ ಅಳೆದಾಗ 30ನೇ ನಿಮಿಷಕ್ಕೆ 47 ಬಂತು. ಹುಡುಗನ ಮುಖ ಸಣ್ಣದಾಯಿತು. ಅವನು 60 ನಿರೀಕ್ಷಿಸಿದ್ದ. ರಿಪೇರಿಯಿಂದ ಫೋನು ಹೊಸದಾಗುವುದಿಲ್ಲ, ಅಷ್ಟು ತೆಳ್ಳಗಿನ ಡಬ್ಬಿಯಿಂದ ಹೊರಹೋಗುವ ಬಿಸಿಗೆ ಒಂದು ಮಿತಿಯಿದೆ. ಆಟದ ಸೆಟ್ಟಿಂಗಿನಲ್ಲಿ ಚಿತ್ರದ ಗುಣಮಟ್ಟವನ್ನು ಕೆಳಕ್ಕಿಳಿಸಿ, ಸೆಕೆಂಡಿಗೆ ಬರುವ ಚಿತ್ರಗಳ ಮಿತಿಯನ್ನು, ಅಂದರೆ ಫ್ರೇಮ್ ಮಿತಿಯನ್ನು, 40ಕ್ಕೆ ಕಟ್ಟಿಹಾಕಲು ಹೇಳಿದೆ. ಅವನಿಗೆ ಇದು ಸೋಲೊಪ್ಪಿದಂತೆ ಕಂಡಿತು.

"ಅರವತ್ತು ಇರುವಾಗ ನಲವತ್ತು ಯಾಕೆ ಮಾವ?"

"ಅರವತ್ತು ನಿನಗೆ ಎಷ್ಟು ಹೊತ್ತು ಸಿಗುತ್ತದೆ?"

ಸೆಕೆಂಡಿಗೆ 60 ಚಿತ್ರ ಬಂದರೆ ಒಂದರಿಂದ ಇನ್ನೊಂದಕ್ಕೆ ಸುಮಾರು 17 ಮಿಲಿಸೆಕೆಂಡ್ ಅಂತರ, 40 ಬಂದರೆ 25, 30ರ ಹತ್ತಿರಕ್ಕೆ ಇಳಿದರೆ 33. ಬೆರಳು ಗುಂಡಿ ಒತ್ತುವ ಹದವನ್ನು ಈ ಅಂತರಕ್ಕೆ ಹೊಂದಿಸಿಕೊಂಡು ಕಲಿಯುತ್ತದೆ. ಸುತ್ತಿನ ಆರಂಭದಲ್ಲಿ 17ಕ್ಕೆ ಒಗ್ಗಿದ ಕೈ, ಕೊನೆಗೆ ನಾಲ್ಕೈದು ಜನ ಉಳಿದು ಗುರಿಯೇ ಎಲ್ಲವೂ ಆಗುವ ಹೊತ್ತಿನಲ್ಲಿ 33ಕ್ಕೆ ಸಿಕ್ಕಿಕೊಂಡರೆ ಹದ ತಪ್ಪುತ್ತದೆ. ಮೊದಲಿನಿಂದ ಕೊನೆಯವರೆಗೂ 25 ಎಂದರೆ ಕಣ್ಣಿಗೆ ಅಷ್ಟು ನುಣುಪಲ್ಲ, ಆದರೆ ಕೈಗೆ ಮೋಸವಿಲ್ಲ. ಇದನ್ನು ಮಾತಿನಲ್ಲಿ ಒಪ್ಪಿಸುವುದು ಆಗಲಿಲ್ಲ. ನನ್ನ ಅಂಗಡಿಯಲ್ಲೇ ಕೂತು ಮೂರು ಸುತ್ತು ಆಡಿದ ಮೇಲೆ ಅವನು ತಾನಾಗಿ ಆ ಮಿತಿಯನ್ನು ಹಾಗೆಯೇ ಬಿಟ್ಟ.

ಇನ್ನೊಂದು ಅಭ್ಯಾಸ ಬಿಡಿಸಬೇಕಾಯಿತು. ಕರೆಂಟ್ ಇರುವಾಗಲೇ ಆಡಿಬಿಡೋಣವೆಂದು ಚಾರ್ಜಿಗೆ ಹಾಕಿಕೊಂಡೇ ಆಡುತ್ತಿದ್ದ. ಹಾಗೆ ಆಡುವಾಗ ಬ್ಯಾಟರಿಯ ಉಷ್ಣತೆ 44 ಡಿಗ್ರಿ ಮುಟ್ಟಿದ್ದನ್ನು ನಾನೇ ನೋಡಿದೆ. ಇಂಥ ಲಿಥಿಯಂ ಬ್ಯಾಟರಿಗಳನ್ನು ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಚಾರ್ಜ್ ಮಾಡಬಾರದು. ಫೋನೇ ಚಾರ್ಜಿನ ವೇಗವನ್ನು ತಗ್ಗಿಸುತ್ತ ಹೋಗುತ್ತದೆ, ಇತ್ತ ಆಟವೂ ಕುಂಟುತ್ತದೆ, ಅತ್ತ ಬ್ಯಾಟರಿಯೂ ತುಂಬುವುದಿಲ್ಲ, ಅದರ ಆಯಸ್ಸು ಮಾತ್ರ ಕರಗುತ್ತದೆ. ಕರೆಂಟ್ ಇರುವಾಗ ತುಂಬಿಸು, ಹೋದಮೇಲೆ ಕವರ್ ಕಳಚಿ ಆಡು ಎಂದೆ. ಹಲವು ಜಿಬಿ ತೂಗುವ ಆಟದ ಅಪ್‌ಡೇಟುಗಳನ್ನು ಮಾತ್ರ ಪಟ್ಟಣಕ್ಕೆ ಬಂದಾಗ ನನ್ನ ವೈಫೈಯಲ್ಲಿ ಇಳಿಸಿಕೊಳ್ಳುತ್ತಾನೆ; ಬರಿದೇ ಆಡುವುದಕ್ಕೆ ಡೇಟಾ ಅಷ್ಟೇನೂ ಖರ್ಚಾಗುವುದಿಲ್ಲ.

ಅಕ್ಕನ ಚಿಂತೆ ಬೇರೆಯೇ ಇತ್ತು. ಆಟದ ಹುಚ್ಚು ಒಂದು ಕಾಯಿಲೆಯೆಂದು ಯಾರೋ ಅವಳಿಗೆ ಹೇಳಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿಯಲ್ಲಿ ಅದು ಇರುವುದು ನಿಜ, 2022ರ ಆರಂಭದಿಂದ ಆ ಪಟ್ಟಿ ಜಾರಿಯಲ್ಲಿದೆ. ಆದರೆ ಆಟದ ಮೇಲಿನ ಹಿಡಿತ ತಪ್ಪಿ, ಉಳಿದೆಲ್ಲವೂ ಹಿಂದೆ ಬಿದ್ದು, ಕೆಡುಕಾಗುತ್ತಿರುವುದು ಕಂಡರೂ ನಿಲ್ಲದೆ, ಸಾಮಾನ್ಯವಾಗಿ ವರ್ಷದಷ್ಟು ಕಾಲ ಹೀಗೇ ನಡೆದರೆ ಮಾತ್ರ ಅದಕ್ಕೆ ಆ ಹೆಸರು. ಅವಳಿಗೆ ನಾನು ಚೌಕದ ಹಾಳೆಯ ವಿಷಯ ನೆನಪಿಸಿದೆ. ಅವಳಿಗೆ ಸಮಾಧಾನವಾಗಲಿಲ್ಲ, ಆಗಬೇಕೆಂದೂ ಇಲ್ಲ. ರಾತ್ರಿ ಫೋನನ್ನು ತನ್ನ ತಲೆದಿಂಬಿನ ಪಕ್ಕ ಇಟ್ಟುಕೊಳ್ಳುತ್ತಾಳೆ. ಅವನೂ ತಕರಾರು ಮಾಡಿಲ್ಲ.

ತನ್ನ ಫೋನಿನಲ್ಲಿ ಮೊದಲು ಆಟ ಹಾಕಿಕೊಂಡಾಗ ಅವನು ಅತಿಥಿಯಾಗಿ ಒಳಹೊಕ್ಕಿದ್ದ. ಅತಿಥಿಯಾಗಿ ಆಡಿದರೆ ಗಳಿಸಿದ ಮೆಟ್ಟಿಲುಗಳೆಲ್ಲ ಆ ಫೋನಿನಲ್ಲಿರುವ ಆ್ಯಪಿಗೇ ಕಟ್ಟಿಬಿದ್ದಿರುತ್ತವೆ, ಫೋನ್ ಅಳಿಸಿದರೆ ಸಾಮಾನ್ಯವಾಗಿ ಅವೂ ಹೋಗುತ್ತವೆ. ರಿಪೇರಿಗೆ ಮೊದಲು ಅದನ್ನು ಅವನದೇ ಹೆಸರಿನ ಖಾತೆಗೆ ಜೋಡಿಸಿದೆವು. ಕಳೆದ ತಿಂಗಳು ನಾನು ಹಳ್ಳಿಗೆ ಹೋದಾಗ ಸಂಜೆ ಅವನೂ ಗೆಳೆಯನೂ ಜಗಲಿಯ ಮೇಲೆ ತಮ್ಮ ತಮ್ಮ ಫೋನ್ ಹಿಡಿದು ಒಂದೇ ತಂಡದಲ್ಲಿ ಆಡುತ್ತಿದ್ದರು. ನಾನು ಅವನ ಹೆಗಲ ಹಿಂದಿನಿಂದ ಮೂಲೆಯ ಅಂಕಿಯನ್ನಷ್ಟೇ ನೋಡುತ್ತಿದ್ದೆ. ಸುತ್ತು ಶುರುವಾಗಿ ಅರ್ಧ ಗಂಟೆ ದಾಟಿತ್ತು. ಅಂಕಿ 40ರಲ್ಲೇ ನಿಂತಿತ್ತು. ಪರದೆಯಲ್ಲಿ ಗೆಳೆಯನ ಆಟಗಾರ ಕೆಂಪು ಕೋಟು ಹಾರಿಸುತ್ತ ಗುಡ್ಡ ಹತ್ತುತ್ತಿದ್ದ. ಇವನ ಆಟಗಾರ, ಆಟ ಪುಕ್ಕಟೆಯಾಗಿ ಕೊಟ್ಟ ಬೂದು ಅಂಗಿಯಲ್ಲಿ, ಅವನ ಬೆನ್ನಿಗೇ ಓಡುತ್ತಿದ್ದ.

"ಆ ಕೋಟು ನಂದು ಮಾವ" ಎಂದ, ಪರದೆಯಿಂದ ಕಣ್ಣು ತೆಗೆಯದೆ. "ಗುಡ್ಡದ ಮೇಲೆ ಅದು ದೂರದಿಂದಲೇ ಕಾಣುತ್ತದೆ. ಮೊದಲು ಅವನಿಗೇ ಗುಂಡು ಬೀಳೋದು."